ಪೆನಾಲ್ಟಿ ಕಾರ್ನರ್: ಗೋಲಿನ ಹಲಗೆ ನೋಡಿ

"ಮಗಳ ಮೊದಲ ಹಾಕಿ ಮ್ಯಾಚ್. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡು ನೆಟ್‌ಗೆ ಹೋದರೂ ಗೋಲು ಕೊಡಲಿಲ್ಲ. ಸ್ಟಿಕ್ ತಪ್ಪು ಅಂತಲೂ ಸೀಟಿ ಊದ್ತಿದ್ರು. ಯಾಕೆ?"

ಬಹುಶಃ ಚೆಂಡು ಜಾಸ್ತಿ ಎತ್ತರದಲ್ಲಿ ಹೋಗಿರಬೇಕು. ಕಾರ್ನರ್‌ನಲ್ಲಿ ಗೋಲಿನ ಪಕ್ಕದ ಗೆರೆಯಿಂದ ತಳ್ಳಿದ ಚೆಂಡು ಮೊದಲು ಗೋಲಿನ ಮುಂದಿರುವ ಡಿ ವೃತ್ತದಿಂದ ಹೊರಗೆ ಬರಬೇಕು. ಆಮೇಲೇ ಗೋಲು ಹೊಡೆಯಬಹುದು. ಮೊದಲ ಶಾಟ್ ಬೀಸಿ ಹೊಡೆದ ಹಿಟ್ ಆದರೆ, ಗೋಲು ಗೆರೆ ದಾಟುವಾಗ ಚೆಂಡು 46 ಸೆಂ.ಮೀ. ಮೀರಿರಬಾರದು. ಗೋಲಿನೊಳಗಿನ ಹಲಗೆಯ ಎತ್ತರ ಅಷ್ಟೇ, ಅದನ್ನೇ ನೋಡಿ. ಚೆಂಡು ಹಲಗೆಗೆ ಬಡಿದರೆ 'ಟಪ್' ಅಂತ ಸದ್ದು ಬರುತ್ತದೆ, ಅಲ್ವಾ? ಬೀಸದೆ ಎತ್ತಿ ಎಸೆಯುವ ಫ್ಲಿಕ್‌ಗೆ ಈ ಮಿತಿಯಿಲ್ಲ. ಅದಕ್ಕೇ ದೊಡ್ಡ ಆಟಗಾರರು ಚೆಂಡನ್ನು ಸ್ಟಿಕ್‌ನಿಂದ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್ ಮಾಡೋದು.

ಸ್ಟಿಕ್‌ನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಉಬ್ಬಿದ ಹಿಂಬದಿಯಿಂದ ಚೆಂಡು ಆಡಿದರೆ ಫೌಲ್. ಎಡಕ್ಕೆ ಬಂದ ಚೆಂಡಿಗೆ ಮಕ್ಕಳು ಸ್ಟಿಕ್ ತಿರುಗಿಸೋದು ಮರೆತಾಗಲೇ ಹೆಚ್ಚಾಗಿ ಈ ತಪ್ಪಾಗುತ್ತದೆ.