ಗಾಡಿಗೆ ಜಾಗದ ಹೆಸರಿಡಬಹುದಾ?

"ಬೆಳಗ್ಗೆ ಜಯನಗರ, ಸಂಜೆ ಬನಶಂಕರಿ. ಅತ್ತಿಗೆ ಗಿರಿಜಾ ದೋಸೆ ಹಾಕ್ತಾರೆ. 'ಜಯನಗರ ಬೆಣ್ಣೆ ದೋಸೆ' ಅಂತ ಇಡಬಹುದಾ?"

ಬೇಡ. ಬನಶಂಕರಿಯಲ್ಲಿ ಬೋರ್ಡ್ ನೋಡಿದವರು ಜಯನಗರದ ಯಾವುದೋ ಹೋಟೆಲಿನ ಬ್ರಾಂಚ್ ಅಂದ್ಕೋತಾರೆ. ನಾಳೆ ಜಯನಗರದಿಂದ ಎಬ್ಬಿಸಿದರೆ ಹೆಸರೂ ದಂಡ. 'ದಾವಣಗೆರೆ' ಹಾಗಲ್ಲ, ಅದು ರುಚಿ ಹೇಳುತ್ತೆ. ಆದರೆ ಬರೀ ಊರು, ತಿಂಡಿ ಸೇರಿದ ಹೆಸರನ್ನು ಯಾರು ಬೇಕಾದರೂ ಇಟ್ಕೋಬಹುದು. ಟ್ರೇಡ್‌ಮಾರ್ಕ್ ಸಿಗೋದೂ ಕಷ್ಟ. ಅದಕ್ಕೇ ಹೆಸರಿನ ಮೊದಲಲ್ಲಿ ನಿಮ್ಮದೇ ಪದ ಬೇಕು: 'ಗಿರಿಜಕ್ಕನ ದಾವಣಗೆರೆ ಬೆಣ್ಣೆ ದೋಸೆ'.

'ಗಿರಿಜಕ್ಕ' ಅನ್ನೋದನ್ನ ಎಲ್ಲಕ್ಕಿಂತ ದಪ್ಪಗೆ ಬರೆಸಿ, ಗಾಡಿಯ ಹಿಂಬದಿಗೂ. ಸಿಗ್ನಲ್‌ನಲ್ಲಿ ಹಿಂದೆ ನಿಂತ ಬೈಕಿನವರು ಓದೋದು ಆ ಒಂದೇ ಪದ. ಅವತ್ತಿನ ಜಾಗ, ಹೊತ್ತು ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿ. ಆ ನಂಬರ್ ಹೆಸರಿನ ಕೆಳಗೇ ಇರಲಿ.