ಮೊದಲು ಮಂಚದ ಎತ್ತರ ಅಳೆಯಿರಿ, ಟೈಲ್ಸ್ ಆಮೇಲೆ

ಪ್ರಶ್ನೆ: ಅಪ್ಪ-ಅಮ್ಮ ಇಬ್ಬರಿಗೂ 75 ದಾಟಿದೆ, ಇನ್ಮೇಲೆ ನಮ್ಮ ಜೊತೆಗೇ ಇರ್ತಾರೆ. ಅವರು ಬರೋದ್ರೊಳಗೆ ಮನೆಗೆಲ್ಲ ಆಂಟಿ ಸ್ಕಿಡ್ ಟೈಲ್ಸ್ ಹಾಕಿಸಿ, ಮಂಚ-ಸೋಫಾ ಎತ್ತರ ಮಾಡಿಸಿ, ಜಾಸ್ತಿ ಬೆಳಕಿನ ಲೈಟ್ ಹಾಕಿಸೋಣ ಅಂತಿದ್ದೀನಿ. ಎಷ್ಟು ಇಂಚು ಎತ್ತರಿಸಬೇಕು? ಯಾವ ಟೈಲ್ಸ್ ಒಳ್ಳೇದು?

ಟೈಲ್ಸ್ ಕೀಳಿಸಬೇಡಿ. ಮಂಚವನ್ನೂ ಈಗಲೇ ಎತ್ತರಿಸಬೇಡಿ. ಅದು ಅವರು ಬಂದ ಮೇಲೆ ಅವರನ್ನೇ ಕೂರಿಸಿ, ಅಳೆದು ಮಾಡುವ ಕೆಲಸ. ನಾವು ನಿಮ್ಮ ಹಾಗೆಯೇ ಎಲ್ಲವನ್ನೂ ಮೊದಲೇ ಮಾಡಿಸಿಟ್ಟೆವು. ವಯಸ್ಸಾದವರಿಗೆ ಎತ್ತರ ಇದ್ದಷ್ಟೂ ಏಳುವುದು ಸುಲಭ ಎಂದುಕೊಂಡು ಮಂಚದ ಕಾಲುಗಳ ಕೆಳಗೆ 4 ಇಂಚಿನ ಮರದ ತುಂಡು ಕೊಡಿಸಿದೆವು. ಅಪ್ಪನಿಗೆ ಹಿತವಾಯಿತು. ಅಮ್ಮ ಅದೇ ಮಂಚದ ಅಂಚಿನಿಂದ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಎಲ್ಲಿ ಎಡವಿದೆವು ಅನ್ನುವುದನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲೂ ಮಾಡಬೇಕಾದ್ದು ಇದೇ ಲೆಕ್ಕ. ಮಂಚದ ಎತ್ತರ ಅಂದರೆ ಮರದ ಚೌಕಟ್ಟಿನ ಎತ್ತರವಲ್ಲ, ಹಾಸಿಗೆಯ ಮೇಲ್ಮೈಯ ಎತ್ತರವೂ ಅಲ್ಲ. ಅವರು ಅಂಚಿನಲ್ಲಿ ಕೂತು ಹಾಸಿಗೆ ತಗ್ಗಿದ ಮೇಲೆ ಉಳಿಯುವ ಎತ್ತರ. ಅದನ್ನು ಹೋಲಿಸಬೇಕಾದ್ದು ಅವರ ಕಾಲಿನ ಅಳತೆಯೊಂದಿಗೆ, ಅಂದರೆ ನೆಲದಿಂದ ಮಂಡಿಯ ಹಿಂಭಾಗದ ಮಡಿಕೆಯವರೆಗಿನ ಎತ್ತರದೊಂದಿಗೆ. ಮನೆಯಲ್ಲಿ ಚಪ್ಪಲಿ ಹಾಕುವವರಾದರೆ ಚಪ್ಪಲಿ ಹಾಕಿಸಿಯೇ ಅಳೆಯಬೇಕು. ಕೂತಾಗಿನ ಎತ್ತರ ಆ ಅಳತೆಗೆ ಸಮವಾಗಿರಬೇಕು, ಇಲ್ಲವೇ ಅದಕ್ಕಿಂತ 1-2 ಇಂಚು ಹೆಚ್ಚಿರಬಹುದು. ಆಗ ಸೊಂಟ ಮಂಡಿಗಿಂತ ತುಸು ಮೇಲಿರುತ್ತದೆ, ಏಳುವಾಗ ತೊಡೆಗೆ ಬೀಳುವ ಭಾರ ಕಡಿಮೆಯಾಗುತ್ತದೆ, ಪಾದ ಮಾತ್ರ ಪೂರ್ತಿ ನೆಲದ ಮೇಲೇ ಇರುತ್ತದೆ.

ಅಮ್ಮನ ಅಳತೆ 15 ಇಂಚು, ಅಪ್ಪನದು 17.5. ಹಾಸಿಗೆಯ ಮೇಲ್ಮೈ ನೆಲದಿಂದ 18 ಇಂಚಿತ್ತು, ಕೂತರೆ ಅಂಚು 2 ಇಂಚು ತಗ್ಗುತ್ತಿತ್ತು. ಅಲ್ಲಿಗೆ ನಿಜವಾದ ಎತ್ತರ 16. ಅಮ್ಮನಿಗೆ ಅದು ಮೊದಲೇ ಸರಿಯಾಗಿತ್ತು, ಅಪ್ಪನಿಗೆ ಮಾತ್ರ ಒಂದೂವರೆ ಇಂಚು ಕಡಿಮೆ. ನಾವು 4 ಇಂಚು ಏರಿಸಿದ ಮೇಲೆ ಅದು 20 ಆಯಿತು. ಅಪ್ಪನಿಗೆ ಎರಡೂವರೆ ಇಂಚು ಹೆಚ್ಚು, ಮಿತಿಗಿಂತ ಅರ್ಧ ಇಂಚು ಮೀರಿದರೂ ಅವರಿಗೆ ನಡೆಯಿತು. ಅಮ್ಮನಿಗೆ 5 ಇಂಚು ಹೆಚ್ಚು, ಹಿಮ್ಮಡಿ ನೆಲ ಮುಟ್ಟುವುದೇ ಇಲ್ಲ.

ಪಾದ ಮುಟ್ಟದಿದ್ದರೆ ಮನುಷ್ಯ ಏನು ಮಾಡುತ್ತಾನೆ? ಕೂತಲ್ಲೇ ಮುಂದೆ ಮುಂದೆ ಸರಿಯುತ್ತಾನೆ. ಫೋಮ್ ಹಾಸಿಗೆಯ ಅಂಚು ನಡುಭಾಗಕ್ಕಿಂತ ಮೆತ್ತಗಿರುತ್ತದೆ. ಅಲ್ಲಿಗೆ ಬಂದಾಗ ಅದು ಒಮ್ಮೆಲೇ ಕುಸಿದು ಇಳಿಜಾರಾಗುತ್ತದೆ, ಏಳುವ ಮೊದಲೇ ಸೊಂಟ ಕೆಳಗಿಳಿದಿರುತ್ತದೆ. ರಾತ್ರಿ ಇದು ಇನ್ನೂ ಅಪಾಯ. ಮಲಗಿ ಎದ್ದ ಕೂಡಲೇ ರಕ್ತದೊತ್ತಡ ಇಳಿದು ತಲೆ ತಿರುಗುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಅದಕ್ಕೇ ಒಂದೆರಡು ನಿಮಿಷ ಅಂಚಿನಲ್ಲಿ ಕೂತು ಆಮೇಲೆ ನಿಲ್ಲಬೇಕು ಅನ್ನುವುದು. ಪಾದ ಊರಲು ನೆಲವೇ ಸಿಗದಿದ್ದರೆ ಹಾಗೆ ಕೂರುವುದಾದರೂ ಹೇಗೆ?

ಒಂದೇ ಮಂಚದಲ್ಲಿ ಎತ್ತರದವರು, ಗಿಡ್ಡದವರು ಇಬ್ಬರೂ ಮಲಗುತ್ತಾರೆ ಅಂದರೆ ಗಿಡ್ಡದವರ ಅಳತೆಗೆ ಹೊಂದಿಸಿ ಅನ್ನುವುದೇ ನನ್ನ ಖಚಿತ ಅಭಿಪ್ರಾಯ. ಮಂಚ ತಗ್ಗಾದರೆ ಎತ್ತರದವರಿಗೆ ಕೈಗೊಂದು ಆಸರೆ ಕೊಟ್ಟು ಸರಿಮಾಡಬಹುದು. ಕಾಲಿಗೆ ನೆಲ ಸಿಗದವರಿಗೆ ಯಾವ ಆಸರೆಯೂ ಸಾಲದು. ನಾವು 4 ಇಂಚಿನ ತುಂಡು ತೆಗೆಸಿ 1 ಇಂಚಿನದು ಹಾಕಿಸಿದೆವು. ಕೂತಾಗಿನ ಎತ್ತರ 17 ಆಯಿತು, ಅಮ್ಮನಿಗೆ 2 ಇಂಚು ಹೆಚ್ಚು, ಅಪ್ಪನಿಗೆ ಅರ್ಧ ಇಂಚು ಕಡಿಮೆ. ಅಪ್ಪನ ಕಡೆ ಹಾಸಿಗೆ ಪಕ್ಕ ಒಂದು ಹಿಡಿಕೆ ಬಂತು. ಈ ಹಿಡಿಕೆಯನ್ನು ಹಾಸಿಗೆಯ ಅಡಿಗೆ ತೂರಿಸಿ ಬಿಟ್ಟರೆ ಸಾಲದು, ಅದರ ಪಟ್ಟಿಯನ್ನು ಮಂಚದ ಚೌಕಟ್ಟಿಗೆ ಬಿಗಿಯಲೇಬೇಕು. ಹಾಸಿಗೆಗೂ ಹಿಡಿಕೆಗೂ ನಡುವೆ ಸಂದು ಉಳಿದರೆ ನಿದ್ದೆಯಲ್ಲಿ ಕೈಯೋ ಕತ್ತೋ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮರೆವಿನ ಕಾಯಿಲೆ ಇರುವವರ ಮಂಚಕ್ಕೆ ಹಿಡಿಕೆ ಹಾಕಿಸಲೇಬೇಡಿ.

ಮರದ ತುಂಡು ಮಾಡಿಸುವಾಗ ಬಡಗಿಗೆ ಎರಡು ಮಾತು ಹೇಳಿ. ತುಂಡಿನ ಮೇಲ್ಭಾಗದಲ್ಲಿ ಮಂಚದ ಕಾಲು ಕೂರುವಂತೆ ಮುಕ್ಕಾಲು ಇಂಚಾದರೂ ಆಳದ ಕುಳಿ ಇರಬೇಕು. ತೆಳುವಾದ ತುಂಡಾದರೆ ಕಾಲಿಗೇ ಕೆಳಗಿನಿಂದ ಸ್ಕ್ರೂ ಹಾಕಬೇಕು. ಸಪಾಟಾದ ತುಂಡಿನ ಮೇಲೆ, ಇಟ್ಟಿಗೆಯ ಮೇಲೆ ಇಟ್ಟ ಮಂಚ ಒಂದು ಬದಿಯಿಂದ ನೂಕಿದರೆ ಜಾರಿಬಿಡುತ್ತದೆ. ಎರಡನೆಯದು, ದೊಡ್ಡ ಮಂಚಗಳಿಗೆ ನಡುವೆ ಒಂದು ಕಾಲು ಇರುತ್ತದೆ, ಅದಕ್ಕೂ ಅಷ್ಟೇ ದಪ್ಪದ ತುಂಡು ಬೇಕು. ಅದನ್ನು ಮರೆತರೆ ನಡುವಿನ ಪಟ್ಟಿ ಬಾಗುತ್ತಾ ಹೋಗುತ್ತದೆ. ಗಾಲಿಗಳಿದ್ದರೆ ಬ್ರೇಕ್ ಇದೆ ಅಂತ ನಂಬಬೇಡಿ, ಕಳಚಿಸಿಬಿಡಿ.

ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ. ಏಳುವಾಗ ನಾವು ಪಾದವನ್ನು ಮಂಡಿಗಿಂತ ಹಿಂದಕ್ಕೆ ಎಳೆದುಕೊಂಡೇ ಏಳುತ್ತೇವೆ. ಈಗಲೇ ಕುರ್ಚಿಯಲ್ಲಿ ಕೂತು, ಪಾದ ಮುಂದೆ ಚಾಚಿ ಏಳಲು ನೋಡಿ, ಆಗುವುದಿಲ್ಲ. ಕೆಳಗೆ ಸಾಮಾನು ಇಡುವ ಪೆಟ್ಟಿಗೆ ಮಂಚಕ್ಕೆ ನೆಲದವರೆಗೂ ಹಲಗೆ ಇರುತ್ತದೆ, ಹಿಮ್ಮಡಿ ಹಿಂದೆ ಹೋಗಲು ಜಾಗವೇ ಇಲ್ಲ. ಅಳತೆ ಎಷ್ಟೇ ಸರಿಯಿದ್ದರೂ ಅಂಥ ಮಂಚದಿಂದ ವಯಸ್ಸಾದವರಿಗೆ ಏಳುವುದು ಕಷ್ಟ. ಅಂಚಿನ ಅಡಿಯಲ್ಲಿ 4 ಇಂಚಾದರೂ ಒಳಕ್ಕೆ ಖಾಲಿ ಇರುವ, ಕಾಲುಗಳ ಮೇಲೆ ನಿಂತ ಮಂಚ ಕೊಡಿ.

ಸೋಫಾಗೂ ಇದೇ ಲೆಕ್ಕ, ಆದರೆ ಅಲ್ಲಿ ಎತ್ತರಕ್ಕಿಂತ ಆಳವೇ ಹೆಚ್ಚು ಕಾಟ ಕೊಡುತ್ತದೆ. ಬೆನ್ನು ಒರಗಿಸಿ ಕೂತಾಗ ಆಸನದ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಬೆನ್ನಿಗೆ ಗಟ್ಟಿ ದಿಂಬು ಕೊಟ್ಟು ಮುಂದೆ ತನ್ನಿ. ಇಡೀ ಸೋಫಾ ಎತ್ತರಿಸುವ ಬದಲು ಕೈ ಇರುವ ಒಂದು ಗಟ್ಟಿ ಕುರ್ಚಿ ತರುವುದೇ ವಾಸಿ. ಆ ಕೈ ಆಸನದ ಮುಂದಿನ ಅಂಚಿನವರೆಗೂ ಬಂದಿರಬೇಕು, ಏಳುವಾಗ ಒತ್ತಲು ಬೇಕಾಗುವುದು ಆ ತುದಿಯೇ.

ಲೈಟಿನ ವಿಷಯ. ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ವಯಸ್ಸಿನವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಕಣ್ಣಿನ ಪಾಪೆ ಚಿಕ್ಕದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಆದ್ದರಿಂದ ಓದುವ ಜಾಗ, ಅಡುಗೆ ಕಟ್ಟೆ, ಮೆಟ್ಟಿಲುಗಳಲ್ಲಿ ಹೆಚ್ಚು ಬೆಳಕು ಬೇಕು ಅನ್ನುವ ನಿಮ್ಮ ಯೋಚನೆ ಸರಿ. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಗೆ ಮಾತ್ರ ಅದು ತಿರುಗುಬಾಣ. ಕತ್ತಲಲ್ಲಿ ಎದ್ದವರ ಮುಖಕ್ಕೆ ಸೂರಿನ ದೊಡ್ಡ ಲೈಟ್ ರಾಚಿದರೆ ಕಣ್ಣು ಮಂಜಾಗುತ್ತದೆ. ಆರಿಸಿ ವಾಪಸ್ ಬರುವಾಗ ಕತ್ತಲಿಗೆ ಹೊಂದಿಕೊಳ್ಳಲು ಆ ಕಣ್ಣಿಗೆ ಬಹಳ ಹೊತ್ತು ಬೇಕು. ಹೊಳಪಿನ ಟೈಲ್ಸ್ ಮೇಲೆ ಆ ಲೈಟಿನ ಪ್ರತಿಬಿಂಬ ಬಿದ್ದರಂತೂ ನೆಲ ಒದ್ದೆಯಾದಂತೆ ಕಾಣುತ್ತದೆ, ಹೆಜ್ಜೆ ತಡವರಿಸುತ್ತದೆ.

ಆ ದಾರಿಗೆ ಬೇಕಾದ್ದು ಮೊಣಕಾಲಿಗಿಂತ ಕೆಳಗೆ ಇರುವ, ನೆಲವನ್ನಷ್ಟೇ ಬೆಳಗುವ ಹಳದಿ ಬೆಳಕು, ಡಬ್ಬಿಯ ಮೇಲೆ 2700ಕೆ ಎಂದಿರುವಂಥದ್ದು. ಚಲನೆ ಗುರುತಿಸುವ ಸೆನ್ಸರ್ ಇರುವ ಎಲ್‌ಇಡಿ ಪಟ್ಟಿಯನ್ನು ಮಂಚದ ಚೌಕಟ್ಟಿನ ಅಡಿಗೆ, ಅಂಚಿನಿಂದ ತುಸು ಒಳಕ್ಕೆ ಅಂಟಿಸಿದರೆ ಕಾಲು ಕೆಳಗಿಟ್ಟಾಗ ಮಾತ್ರ ಹತ್ತುತ್ತದೆ. ಮಗ್ಗುಲು ಬದಲಿಸಿದಾಗೆಲ್ಲ ಹತ್ತಿ ನಿದ್ದೆ ಕೆಡಿಸುವುದಿಲ್ಲ. ಇಳಿಬಿಟ್ಟ ಹಾಸು ಸೆನ್ಸರನ್ನು ಮುಚ್ಚದಂತೆ ನೋಡಿಕೊಳ್ಳಿ. ಆರುವ ಸಮಯವನ್ನು 2-3 ನಿಮಿಷಕ್ಕೆ ಇಡಿ, ಕೆಲವು 20-30 ಸೆಕೆಂಡಿಗೇ ಆರುತ್ತವೆ, ಅಷ್ಟರಲ್ಲಿ ಅವರು ಅಂಚಿನಿಂದ ಎದ್ದಿರುವುದೂ ಇಲ್ಲ. ಬಚ್ಚಲಿನೊಳಗೆ ಮಾತ್ರ ಸೆನ್ಸರ್ ಬೇಡ. ಕಮೋಡ್ ಮೇಲೆ ಅಲುಗಾಡದೆ ಕೂತವರನ್ನು ಅದು ಗುರುತಿಸುವುದಿಲ್ಲ, ಲೈಟ್ ಆರಿಹೋಗಿ ಕತ್ತಲಲ್ಲೇ ಏಳಬೇಕಾಗುತ್ತದೆ. ಅಲ್ಲಿಗೆ ಬಾಗಿಲ ಹೊರಗೆ ಒಂದು ಸಾದಾ ಸ್ವಿಚ್ ಸಾಕು.

ಈಗ ನಿಮ್ಮ ಟೈಲ್ಸ್. ಒಣಗಿದ ಟೈಲ್ಸ್ ಮೇಲೆ ಜಾರುವುದು ಸಾಮಾನ್ಯವಾಗಿ ಸಾಕ್ಸ್ ಹಾಕಿದವರು ಇಲ್ಲವೇ ಸವೆದ ಚಪ್ಪಲಿಯವರು. ಮನೆಯೊಳಗೆ ಅದಕ್ಕಿಂತ ಹೆಚ್ಚಿನ ತೊಂದರೆ ಎಡವುವುದರಿಂದ. ಕಾಲೆಳೆದು ನಡೆಯುವವರಿಗೆ, ಅದರಲ್ಲೂ ಪಾರ್ಕಿನ್ಸನ್ಸ್ ಇದ್ದವರಿಗೆ, ಜಾರುವ ನೆಲದಷ್ಟೇ ಅತಿಯಾಗಿ ಹಿಡಿಯುವ ನೆಲವೂ ಕೆಟ್ಟದ್ದು. ನಯವಾದ ಹಾಲ್‌ನಿಂದ ಒರಟು ಟೈಲ್ಸ್‌ಗೆ ಕಾಲಿಟ್ಟ ತಕ್ಷಣ ಪಾದ ನಿಲ್ಲುತ್ತದೆ, ದೇಹ ಮುಂದೆ ಹೋಗುತ್ತದೆ. ಹಾಗಾಗಿ ಕೋಣೆ, ಹಾಲ್ ಇರುವಂತೆಯೇ ಇರಲಿ. ಬಿಡಿ ಕಾರ್ಪೆಟ್, ಕಾಲೊರಸುಗಳನ್ನು ದಾರಿಯಿಂದ ತೆಗೆಯಿರಿ. ಬಾಗಿಲ ಪಟ್ಟಿ ಅರ್ಧ ಇಂಚಿಗಿಂತ ಎದ್ದಿದ್ದರೆ ಎರಡೂ ಬದಿಗೆ ಇಳಿಜಾರು ಮಾಡಿಸಿ.

ಟೈಲ್ಸ್‌ಗೆ ಅಂತ ಎತ್ತಿಟ್ಟ ಹಣವನ್ನೆಲ್ಲ ಬಚ್ಚಲಿಗೆ ಹಾಕಿ. ಅಲ್ಲಿ ಜಾರುವಿಕೆ ತಡೆಯುವ ಆರ್11 ದರ್ಜೆಯ, ಆದಷ್ಟು ಚಿಕ್ಕ ಟೈಲ್ಸ್ ಆರಿಸಿ. ಸಂದುಗಳು ಹೆಚ್ಚಿದ್ದಷ್ಟೂ ಪಾದಕ್ಕೆ ಹಿಡಿತ. ಬಣ್ಣ ಕಮೋಡಿಗಿಂತ ಬೇರೆಯಾಗಿರಲಿ, ಬಿಳಿ ನೆಲದ ಮೇಲೆ ಬಿಳಿ ಕಮೋಡ್ ಮಂದಗಣ್ಣಿಗೆ ಎದ್ದು ಕಾಣುವುದಿಲ್ಲ, ಕೂರುವಾಗ ಅಂದಾಜು ತಪ್ಪುತ್ತದೆ. ಟೈಲ್ಸ್ ಬದಲಿಸಲಾಗದೆ ರಬ್ಬರ್ ಮ್ಯಾಟ್ ಹಾಕುವುದಾದರೆ ನೆನಪಿಡಿ, ಕೆಳಗೆ ಹೀರುಬಟ್ಟಲು ಇರುವ ಮ್ಯಾಟ್ ನಯವಾದ ಟೈಲ್ಸ್‌ಗೆ ಮಾತ್ರ ಕಚ್ಚಿಕೊಳ್ಳುತ್ತದೆ. ಒರಟು ಟೈಲ್ಸ್ ಮೇಲೆ, ಸಂದುಗಳ ಮೇಲೆ ಗಾಳಿ ನುಗ್ಗಿ ಬಿಟ್ಟುಕೊಳ್ಳುತ್ತದೆ. ಹಾಕಿದ ಮೇಲೆ ನೀರು ಸುರಿದು, ನಿಮ್ಮದೇ ಕಾಲಿನಿಂದ ಬದಿಗೆ ಜೋರಾಗಿ ತಳ್ಳಿ ನೋಡಿ. ವಾರಕ್ಕೊಮ್ಮೆ ಎತ್ತಿ ಅಡಿಯ ಸಾಬೂನಿನ ಲೋಳೆ ಉಜ್ಜದಿದ್ದರೆ ಅದೂ ಜಾರುತ್ತದೆ.

ಅವರು ಬಂದ ಮೊದಲ ದಿನ ಟೇಪು ಹಿಡಿದು ಮಂಡಿಯ ಎತ್ತರ ಬರೆದುಕೊಳ್ಳಿ, ಆಮೇಲೆ ಅವರು ಮಂಚದಿಂದ ಏಳುವುದನ್ನು ಬದಿಯಿಂದ ನೋಡಿ. ಮೂರು ಸಲ ಹಿಂದೆ ಮುಂದೆ ತೂಗಿ ಎದ್ದರೆ ಮಂಚ ತಗ್ಗು. ಅಂಚಿಗೆ ಸರಿದು ಕಾಲ್ಬೆರಳಿನಿಂದ ನೆಲ ಹುಡುಕಿದರೆ ಎತ್ತರ. ಫೋಮ್ ಹಾಸಿಗೆಯ ಅಂಚು ತಿಂಗಳುಗಳಲ್ಲಿ ಇನ್ನೂ ತಗ್ಗುತ್ತದೆ, ಆದ್ದರಿಂದ ಆರು ತಿಂಗಳಾದ ಮೇಲೆ ಅವರನ್ನು ಕೂರಿಸಿ ಮತ್ತೊಮ್ಮೆ ಅಳೆಯಿರಿ. ಹಾಸಿಗೆ ಬದಲಿಸಿದ ದಿನವಂತೂ ತಪ್ಪದೆ ಅಳೆಯಿರಿ.