ಐದು ಬೆರಳಿನಲ್ಲಿ ಮೂವತ್ತೊಂದು ಹೇಗೆ?

ಪ್ರಶ್ನೆ: ಬೈನರಿ ಸಂಖ್ಯೆಯನ್ನು ನಮ್ಮ ಸಾಮಾನ್ಯ ಸಂಖ್ಯೆಗೆ ಬದಲಾಯಿಸಲು ಹೋದಾಗಲೆಲ್ಲ ನನ್ನ ಉತ್ತರ ತಪ್ಪುತ್ತದೆ. ಬೈನರಿಯಲ್ಲಿ ಒಂದೇ ಕೈಯಿಂದ 31ರವರೆಗೆ ಎಣಿಸಬಹುದು ಅಂತಲೂ ಓದಿದೆ. ಇರುವುದೇ ಐದು ಬೆರಳು, ಅದು ಹೇಗೆ ಸಾಧ್ಯ?

ಉತ್ತರ:

ಮೊದಲು ಬೆರಳನ್ನು ನೋಡೋಣ. ಅದು ಕೈಗೆ ಹತ್ತಿದರೆ ಪರಿವರ್ತನೆ ತಾನಾಗಿಯೇ ಬರುತ್ತದೆ. ಬಲಗೈಯನ್ನು ಅಂಗೈ ನಿಮ್ಮ ಮುಖದ ಕಡೆಗೆ ಇರುವಂತೆ ಎತ್ತಿ ಹಿಡಿಯಿರಿ. ಈಗ ಹೆಬ್ಬೆರಳು ಬಲತುದಿಯಲ್ಲಿಯೂ ಕಿರುಬೆರಳು ಎಡತುದಿಯಲ್ಲಿಯೂ ಇರುತ್ತವೆ. ಹೆಬ್ಬೆರಳಿಗೆ 1, ತೋರುಬೆರಳಿಗೆ 2, ನಡುಬೆರಳಿಗೆ 4, ಉಂಗುರದ ಬೆರಳಿಗೆ 8, ಕಿರುಬೆರಳಿಗೆ 16 ಎಂದು ಬೆಲೆ ಕಟ್ಟಿ. ಬಿಚ್ಚಿದ ಬೆರಳಿನ ಬೆಲೆ ಲೆಕ್ಕಕ್ಕೆ ಸೇರುತ್ತದೆ, ಮಡಚಿದ ಬೆರಳಿನದು ಸೇರುವುದಿಲ್ಲ. ಮುಷ್ಟಿ ಬಿಗಿಹಿಡಿದರೆ ಸೊನ್ನೆ, ಐದೂ ಬಿಚ್ಚಿದರೆ 16 + 8 + 4 + 2 + 1, ಅಂದರೆ 31.

ಸಾಮಾನ್ಯವಾಗಿ ಬೆರಳೆಣಿಸುವಾಗ ನಾವು ಎಲ್ಲ ಬೆರಳಿಗೂ ಒಂದೇ ಬೆಲೆ ಕೊಡುತ್ತೇವೆ. ಆದ್ದರಿಂದ ಎಷ್ಟು ಬೆರಳು ಬಿಚ್ಚಿವೆ ಎಂಬುದಷ್ಟೇ ಮುಖ್ಯವಾಗುತ್ತದೆ. ಯಾವ ಬೆರಳು ಬಿಚ್ಚಿದೆ ಎಂಬ ಮಾಹಿತಿ ಪೂರ್ತಿ ವ್ಯರ್ಥವಾಗುತ್ತದೆ. ಬೈನರಿ ಪದ್ಧತಿ ಬಳಸಿಕೊಳ್ಳುವುದು ಆ ವ್ಯರ್ಥವಾದ ಭಾಗವನ್ನೇ. ಪ್ರತಿ ಬೆರಳಿಗೂ ಮಡಚುವುದು, ಬಿಚ್ಚುವುದು ಎಂಬ ಎರಡು ಸ್ಥಿತಿಗಳಿರುವುದರಿಂದ ಐದು ಬೆರಳಿಗೆ 2 × 2 × 2 × 2 × 2, ಅಂದರೆ 32 ಭಂಗಿಗಳು ಸಿಗುತ್ತವೆ, ಅವುಗಳಲ್ಲಿ ಒಂದು ಸೊನ್ನೆಗೆ ಹೋಗುತ್ತದೆ. ಛಂದಸ್ಸಿನ ಪಾಠದಲ್ಲಿ ಮೂರು ಅಕ್ಷರಗಳ ಗಣಗಳು ಏಕೆ ಎಂಟೇ ಎಂದು ನೀವು ಎಂದಾದರೂ ಯೋಚಿಸಿದ್ದರೆ, ಉತ್ತರ ಇದೇ: ಪ್ರತಿ ಸ್ಥಾನದಲ್ಲಿಯೂ ಲಘು ಇಲ್ಲವೇ ಗುರು, ಮೂರು ಸ್ಥಾನಗಳಿಗೆ 2 × 2 × 2. ಗಣಕ್ಕೆ ಐದು ಅಕ್ಷರಗಳಿದ್ದಿದ್ದರೆ ನಾವು ಮೂವತ್ತೆರಡು ಗಣಗಳನ್ನು ಬಾಯಿಪಾಠ ಮಾಡಬೇಕಾಗುತ್ತಿತ್ತು.

ಇನ್ನು ಪರಿವರ್ತನೆ. 10110 ಎಂಬ ಬೈನರಿ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಇಲ್ಲಿ 1 ಎಂದರೆ ಬಿಚ್ಚಿದ ಬೆರಳು, 0 ಎಂದರೆ ಮಡಚಿದ ಬೆರಳು. ಎಡದಿಂದ ಓದುತ್ತಾ ಹೋದರೆ ಕಿರುಬೆರಳು ಬಿಚ್ಚಿದೆ, ಉಂಗುರದ ಬೆರಳು ಮಡಚಿದೆ, ನಡುಬೆರಳು ಮತ್ತು ತೋರುಬೆರಳು ಬಿಚ್ಚಿವೆ, ಹೆಬ್ಬೆರಳು ಮಡಚಿದೆ. ಬಿಚ್ಚಿದವುಗಳ ಬೆಲೆ 16 + 4 + 2, ಆದ್ದರಿಂದ ಉತ್ತರ 22. ಕಾಗದದ ಮೇಲೆ ಮಾಡುವಾಗಲೂ ಇಷ್ಟೇ ಕೆಲಸ: ಬಲತುದಿಯ ಅಂಕಿಯ ಕೆಳಗೆ 1 ಬರೆದು, ಎಡಕ್ಕೆ ಸರಿದಂತೆ ಇಮ್ಮಡಿಸುತ್ತಾ ಬೆಲೆಗಳನ್ನು ಬರೆದು, 1 ಇರುವ ಕಡೆಯ ಬೆಲೆಗಳನ್ನು ಮಾತ್ರ ಕೂಡಬೇಕು. ಬಹುತೇಕ ಬೆರಳುಗಳು ಬಿಚ್ಚಿದ್ದಾಗ ಕೂಡುವುದಕ್ಕಿಂತ ಕಳೆಯುವುದು ಸುಲಭ. 11101ರಲ್ಲಿ ತೋರುಬೆರಳು ಮಾತ್ರ ಮಡಚಿದೆ, ಆದ್ದರಿಂದ 31ರಿಂದ 2 ಕಳೆದು 29 ಎಂದು ಒಂದೇ ನೋಟಕ್ಕೆ ಹೇಳಬಹುದು.

ಅಂಕಿಗಳು ಹೆಚ್ಚಿದ್ದಾಗ ಸ್ಥಾನಬೆಲೆಗಳನ್ನು ಬರೆಯುವ ಗೋಜಿಲ್ಲದ ಇನ್ನೊಂದು ದಾರಿಯಿದೆ, ನಾನು ಸಾಮಾನ್ಯವಾಗಿ ಬಳಸುವುದು ಅದನ್ನೇ. ಎಡತುದಿಯ ಅಂಕಿಯಿಂದ ಆರಂಭಿಸಿ, ಪ್ರತಿ ಹೆಜ್ಜೆಗೂ ಕೈಯಲ್ಲಿರುವ ಮೊತ್ತವನ್ನು ಇಮ್ಮಡಿಸಿ ಮುಂದಿನ ಅಂಕಿಯನ್ನು ಕೂಡುತ್ತಾ ಹೋಗುವುದು. 10110ಕ್ಕೆ ಮೊದಲು 1; ಅದರ ಇಮ್ಮಡಿಗೆ 0 ಕೂಡಿದರೆ 2; ಅದರ ಇಮ್ಮಡಿಗೆ 1 ಕೂಡಿದರೆ 5; ಮತ್ತೆ ಹಾಗೆಯೇ 11; ಕೊನೆಗೆ 11ರ ಇಮ್ಮಡಿಗೆ 0 ಕೂಡಿದರೆ 22. ಎಡತುದಿಯ 1 ನಾಲ್ಕು ಸಲ ಇಮ್ಮಡಿಯಾಗುವುದರಿಂದ ಅದು ತಾನಾಗಿಯೇ 16 ಆಗುತ್ತದೆ. ಸ್ಥಾನಬೆಲೆಯನ್ನು ನಾವು ಪ್ರತ್ಯೇಕವಾಗಿ ನೆನಪಿಡಬೇಕಾಗಿಲ್ಲ. ಒಂದು ಸಂಖ್ಯೆಯನ್ನು ಎರಡೂ ದಾರಿಗಳಲ್ಲಿ ಬಿಡಿಸಿ ಉತ್ತರಗಳು ಹೊಂದುತ್ತವೆಯೇ ಎಂದು ನೋಡಿದರೆ ಹೆಚ್ಚಿನ ತಪ್ಪುಗಳು ಸಿಕ್ಕಿಬೀಳುತ್ತವೆ.

ನಿಮ್ಮ ಉತ್ತರ ಪ್ರತಿ ಸಲವೂ ತಪ್ಪುತ್ತದೆ ಎಂದಿದ್ದೀರಿ. ನೀವು ಲೆಕ್ಕ ಮಾಡಿದ್ದನ್ನು ನಾನು ನೋಡಿಲ್ಲವಾದರೂ, ಬೆಲೆ ಕಟ್ಟುವುದನ್ನು ಎಡದಿಂದ ಆರಂಭಿಸುತ್ತಿದ್ದೀರಿ ಎಂಬುದು ನನ್ನ ಊಹೆ. ನಾವು ಓದುವುದು ಎಡದಿಂದ ಬಲಕ್ಕೆ, ಆದ್ದರಿಂದ ಕೈ ತಾನಾಗಿಯೇ ಎಡತುದಿಗೆ 1 ಬರೆದುಬಿಡುತ್ತದೆ. ಹಾಗೆ ಮಾಡಿದರೆ 10110 ಎಂಬುದು 1 + 4 + 8, ಅಂದರೆ 13 ಆಗುತ್ತದೆ. ಕಲಿಯುವಾಗ ನಾನೂ ಇದೇ ತಪ್ಪು ಮಾಡಿದ್ದೆ, ಅದೂ ಪರೀಕ್ಷಿಸಿ ನೋಡಿದ ಮೇಲೆ! ನಾನು ಪರೀಕ್ಷೆಗೆ ಆರಿಸಿಕೊಂಡಿದ್ದ ಸಂಖ್ಯೆ 11011. ಅದು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದರಿಂದ ತಪ್ಪು ದಿಕ್ಕಿನಲ್ಲಿಯೂ ಸರಿಯಾಗಿ 27 ಬಂದಿತು, ನಾನು ಸಮಾಧಾನದಿಂದ ಇನ್ನೂ ಒಂದು ಪುಟ ಲೆಕ್ಕವನ್ನು ಉಲ್ಟಾ ಬಿಡಿಸಿದೆ. ಆದ್ದರಿಂದ ಪರೀಕ್ಷಿಸುವಾಗ 10101, 01110, 10001ರಂತಹ ಸಂಖ್ಯೆಗಳನ್ನು ಆರಿಸಬೇಡಿ, 10000ವನ್ನು ಆರಿಸಿ. ಉತ್ತರ 16 ಬಂದರೆ ದಿಕ್ಕು ಸರಿಯಾಗಿದೆ, 1 ಬಂದರೆ ತಿರುವುಮುರುವಾಗಿದೆ.

ಇನ್ನೊಂದು ತಪ್ಪಿಗೆ ಬೇರೆಯೇ ಗುರುತಿದೆ. ಬಲತುದಿಗೆ 1ರ ಬದಲು 2 ಎಂದು ಬೆಲೆ ಕೊಟ್ಟು ಆರಂಭಿಸಿದರೆ ಎಲ್ಲ ಉತ್ತರಗಳೂ ಇಮ್ಮಡಿಯಾಗಿ ಬರುತ್ತವೆ, 22ರ ಜಾಗದಲ್ಲಿ 44. ನಿಮ್ಮ ಉತ್ತರಗಳಲ್ಲಿ ಬೆಸ ಸಂಖ್ಯೆಯೇ ಕಾಣಿಸುತ್ತಿಲ್ಲವಾದರೆ ಅಲ್ಲಿಯೇ ಹುಡುಕಿ. ಕೊನೆಯ ಅಂಕಿ 1 ಆಗಿದ್ದರೆ ಉತ್ತರ ಬೆಸ, 0 ಆಗಿದ್ದರೆ ಸರಿ. ಇದಕ್ಕೆ ಅಪವಾದವಿಲ್ಲ, ಏಕೆಂದರೆ ಹೆಬ್ಬೆರಳನ್ನು ಬಿಟ್ಟರೆ ಉಳಿದ ಎಲ್ಲ ಬೆಲೆಗಳೂ ಸರಿಸಂಖ್ಯೆಗಳೇ.

ಈಗ ಎಣಿಕೆಗೆ ಬರೋಣ. ಮೂವತ್ತೆರಡು ಭಂಗಿಗಳನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ, ಒಂದು ನಿಯಮ ಸಾಕು. ಒಂದನ್ನು ಕೂಡಲು ಹೆಬ್ಬೆರಳಿನಿಂದ ಆರಂಭಿಸಿ: ಬೆರಳು ಮಡಚಿದ್ದರೆ ಬಿಚ್ಚಿ, ಅಲ್ಲಿಗೇ ನಿಲ್ಲಿ, ಬಿಚ್ಚಿದ್ದರೆ ಮಡಚಿ, ಪಕ್ಕದ ಬೆರಳಿಗೆ ಹೋಗಿ ಅದನ್ನೇ ಮಾಡಿ. ಉದಾಹರಣೆಗೆ ಕೈಯಲ್ಲಿ 11 ಇದೆ ಎನ್ನೋಣ, ಅಂದರೆ ಉಂಗುರದ ಬೆರಳು, ತೋರುಬೆರಳು, ಹೆಬ್ಬೆರಳು ಬಿಚ್ಚಿವೆ. ಹೆಬ್ಬೆರಳು ಬಿಚ್ಚಿರುವುದರಿಂದ ಅದನ್ನು ಮಡಚುತ್ತೇವೆ. ತೋರುಬೆರಳೂ ಬಿಚ್ಚಿದೆ, ಅದನ್ನೂ ಮಡಚುತ್ತೇವೆ. ನಡುಬೆರಳು ಮಡಚಿದೆ, ಅದನ್ನು ಬಿಚ್ಚಿ ನಿಲ್ಲುತ್ತೇವೆ. ಉಳಿದದ್ದು 8 ಮತ್ತು 4, ಅಂದರೆ 12. ಹತ್ತರ ಪದ್ಧತಿಯಲ್ಲಿ 9 ಆದ ಮೇಲೆ ಸೊನ್ನೆ ಬರೆದು ದಶಕ ಒಯ್ಯುತ್ತೇವಲ್ಲ, ಇಲ್ಲಿ ಆ ಒಯ್ಯುವಿಕೆ ಕಣ್ಣಿಗೆ ಕಾಣುವಂತೆ ಬೆರಳಿನಿಂದ ಬೆರಳಿಗೆ ಸಾಗುತ್ತದೆ. ಅತಿ ಉದ್ದದ ಪ್ರಯಾಣ 15ರಿಂದ 16ಕ್ಕೆ: ನಾಲ್ಕು ಬೆರಳುಗಳು ಒಂದಾದ ಮೇಲೊಂದು ಮಡಚಿ ಕಿರುಬೆರಳೊಂದೇ ಮೇಲೇಳುತ್ತದೆ. ಇದು ಕಷ್ಟದ ಕೆಲಸದಂತೆ ಕಂಡರೂ ಸೊನ್ನೆಯಿಂದ 31ರವರೆಗೆ ಹೋಗಲು ಹೆಬ್ಬೆರಳು 31 ಸಲ, ತೋರುಬೆರಳು 15 ಸಲ, ನಡುಬೆರಳು 7, ಉಂಗುರದ ಬೆರಳು 3, ಕಿರುಬೆರಳು ಒಂದೇ ಸಲ ಅಲುಗುತ್ತವೆ. ಒಟ್ಟು 57 ಚಲನೆ, ಹೆಜ್ಜೆಗೆ ಸರಾಸರಿ ಎರಡಕ್ಕಿಂತ ಕಡಿಮೆ. ಯಾವ ಹೆಜ್ಜೆಯಲ್ಲಾದರೂ ಹೆಬ್ಬೆರಳು ಅಲುಗದೆ ಉಳಿದಿದ್ದರೆ ಆ ಹೆಜ್ಜೆ ತಪ್ಪಾಗಿದೆ ಎಂದೇ ಅರ್ಥ.

ಎರಡು ಭಂಗಿಗಳು ಒಂದೇ ಸಂಖ್ಯೆಯನ್ನು ಸೂಚಿಸಿಬಿಟ್ಟರೆ ಎಂಬ ಅನುಮಾನ ಬರಬಹುದು. ಹಾಗಾಗುವುದಿಲ್ಲ, ಏಕೆಂದರೆ ಕಿರುಬೆರಳು ಬಿಟ್ಟು ಉಳಿದ ನಾಲ್ಕನ್ನೂ ಬಿಚ್ಚಿದರೂ ಮೊತ್ತ 15ಕ್ಕೆ ನಿಲ್ಲುತ್ತದೆ, 16ಕ್ಕೆ ಒಂದು ಕಡಿಮೆ. ಆದ್ದರಿಂದ ಸಂಖ್ಯೆ 16 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಕಿರುಬೆರಳು ಬಿಚ್ಚಲೇಬೇಕು, ಕಡಿಮೆಯಿದ್ದರೆ ಬಿಚ್ಚುವಂತೆಯೇ ಇಲ್ಲ. ಉಳಿಕೆಗೆ 8ರ ಬೆರಳಿನಲ್ಲಿ ಇದೇ ಪ್ರಶ್ನೆ, ಆಮೇಲೆ 4ರಲ್ಲಿ, 2ರಲ್ಲಿ. ದಶಮಾನದ ಸಂಖ್ಯೆಯನ್ನು ಬೈನರಿಗೆ ತರುವ ಕ್ರಮವೂ ಇದೇ ಆಯಿತು.

ಗಣಿತಕ್ಕಿಂತ ಹೆಚ್ಚು ತಕರಾರು ಮಾಡುವುದು ಕೈ. 8 ತೋರಿಸಲು ಉಂಗುರದ ಬೆರಳೊಂದನ್ನೇ ಬಿಚ್ಚಬೇಕು, ಅದು ಅರ್ಧಕ್ಕೇ ನಿಂತು ನಡುಗುತ್ತದೆ. ತೋರುಬೆರಳನ್ನೂ ಕಿರುಬೆರಳನ್ನೂ ಎತ್ತಲು ಅವುಗಳದೇ ಆದ ಪ್ರತ್ಯೇಕ ಸ್ನಾಯುಗಳಿವೆ. ಉಂಗುರದ ಬೆರಳಿಗೆ ಅಂತಹದ್ದಿಲ್ಲ, ಜೊತೆಗೆ ಅಂಗೈಯ ಹಿಂಬದಿಯಲ್ಲಿ ಅದರ ಸ್ನಾಯುರಜ್ಜು ಅಕ್ಕಪಕ್ಕದ ಬೆರಳುಗಳ ರಜ್ಜುಗಳಿಗೆ ಅಡ್ಡಪಟ್ಟಿಗಳಿಂದ ಬೆಸೆದುಕೊಂಡಿರುತ್ತದೆ. ಪಕ್ಕದವುಗಳನ್ನು ಮಡಚಿದಾಗ ಅವು ಇದನ್ನೂ ಹಿಡಿದೆಳೆಯುತ್ತವೆ. ಅಭ್ಯಾಸದಿಂದ ಸ್ವಲ್ಪ ಸುಧಾರಿಸಬಹುದು, ಆದರೆ ನನ್ನ ಸಲಹೆ ಬೇರೆ: ಬೆರಳನ್ನು ಎತ್ತುವ ಗೋಜಿಗೇ ಹೋಗದೆ, ಮೇಜಿನ ಮೇಲೋ ತೊಡೆಯ ಮೇಲೋ ಬೆರಳತುದಿಗಳನ್ನಿಟ್ಟು, ಒತ್ತಿದ ಬೆರಳು 1, ಸಡಿಲ ಬಿಟ್ಟದ್ದು 0 ಎಂದುಕೊಳ್ಳಿ. ಅಂಗೈ ಕೆಳಮುಖವಾದಾಗ ಬಲಗೈಯ ಹೆಬ್ಬೆರಳು ಎಡಕ್ಕೆ ಬರುತ್ತದೆ, ಆದ್ದರಿಂದ ಬರೆದ ಸಂಖ್ಯೆಯೊಂದಿಗೆ ಹೋಲಿಸಿ ನೋಡುವುದಿದ್ದರೆ ಆ ಭಂಗಿಗೆ ಎಡಗೈಯನ್ನು ಬಳಸುವುದು ಮೇಲು. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. 4ಕ್ಕೆ ನಡುಬೆರಳೊಂದನ್ನೇ ಎತ್ತಿ ಹಿಡಿಯುವುದನ್ನು ಎದುರಿಗಿದ್ದವರು ಲೆಕ್ಕವೆಂದು ತಿಳಿಯುವ ಸಾಧ್ಯತೆ ಕಡಿಮೆ.

ನಾನು ಇದನ್ನು ನಿಜವಾಗಿ ಬಳಸುವುದು ನಡಿಗೆಯ ಸುತ್ತುಗಳನ್ನು ಎಣಿಸಲು. ಅಲ್ಲಿ ಗೊತ್ತಾದ ಮಿತಿಯೊಂದನ್ನು ಹೇಳಬೇಕು. ಈ ಸುತ್ತಿಗೆ ಬೆರಳು ಬದಲಿಸಿದೆನೋ ಇಲ್ಲವೋ ಎಂಬ ಸಂದೇಹ ಬಂದರೆ ಕೈ ಅದಕ್ಕೆ ಉತ್ತರ ಹೇಳುವುದಿಲ್ಲ. 13 ಕೂಡ 14ರಷ್ಟೇ ನಂಬಿಕೆಗೆ ಅರ್ಹವಾದ ಭಂಗಿ. ಅದಕ್ಕಾಗಿ ನಾನು ಸುತ್ತಿನ ಒಂದು ಗೊತ್ತಾದ ತಿರುವಿನಲ್ಲಿ ಮಾತ್ರ, ಕಾಲಿಡುತ್ತಿದ್ದಂತೆಯೇ, ಬೆರಳು ಬದಲಿಸುತ್ತೇನೆ. ಹಾಗೂ ಸಂದೇಹ ಬಂದ ದಿನ ಕಡಿಮೆ ಇರುವ ಸಂಖ್ಯೆಯನ್ನೇ ಇಟ್ಟುಕೊಂಡು ಒಂದು ಸುತ್ತು ಹೆಚ್ಚು ನಡೆಯುತ್ತೇನೆ. 31 ದಾಟಿದರೆ ಬಲಗೈ ಮುಷ್ಟಿಯಾಗುತ್ತದೆ, ಎಡಗೈಯ ಕಿರುಬೆರಳು 32 ಎಂದು ಬಿಚ್ಚಿಕೊಳ್ಳುತ್ತದೆ. ಎರಡೂ ಅಂಗೈಗಳನ್ನು ಮುಖದ ಕಡೆಗೆ ಹಿಡಿದರೆ ಅದು ಬಲಗೈಯ ಕಿರುಬೆರಳಿನ ಪಕ್ಕದಲ್ಲಿಯೇ, ತನ್ನ ಸರಿಯಾದ ಸ್ಥಾನದಲ್ಲಿಯೇ ಇರುತ್ತದೆ.